ಏಳು ಜನರಿಗೆ ಒಂದೇ ಹೆಸರು

ಹೊಸೂರಿನ ಹತ್ತಿರದ ಗಡಿಯೂರು ಬೇರಿಕೆಯಲ್ಲಿ ಆಗ ಇದ್ದದ್ದು ಒಂದೇ ಬ್ರೌಸಿಂಗ್ ಸೆಂಟರ್. ಸಂತೆಬೀದಿಯಲ್ಲಿ ಗೊಬ್ಬರದ ಅಂಗಡಿಗೂ ಟೈಲರ್ ಅಂಗಡಿಗೂ ನಡುವೆ, ಮೂರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಫ್ಯಾನು. ಅದನ್ನು ನಡೆಸುತ್ತಿದ್ದವನನ್ನು ನಾವೆಲ್ಲ ಸೆಂಟರ್ ಅಣ್ಣ ಅನ್ನುತ್ತಿದ್ದೆವು. ಅಂಗಡಿಯ ಬೋರ್ಡಿನ ಮೇಲೆ ತಮಿಳಿನಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಸೇವೆಗಳ ಹೆಸರು ಬರೆಸಿ, ಎಲ್ಲದರ ಕೆಳಗೆ ತನ್ನ ಮೇಲ್ ಐಡಿಯನ್ನು ಕೆಂಪು ಬಣ್ಣದಲ್ಲಿ ದಪ್ಪವಾಗಿ ಬರೆಸಿದ್ದ. ನಮ್ಮ ಸುತ್ತಿನ ಹಳ್ಳಿಗಳವರಿಗೆ ಅದೊಂದೇ ಮೇಲ್ ಐಡಿ.

ಇದನ್ನು ಕೇಳಿ ಈಗಿನವರು ನಗುತ್ತಾರೆ. ನಗಲಿ. ಅದಕ್ಕೂ ಹಿಂದೆ, ಫೋನು ಬೀದಿಗೊಂದು ಇದ್ದಾಗ, ಅರ್ಜಿಯಲ್ಲಿ ಫೋನ್ ನಂಬರ್ ಕೇಳಿದ ಕಡೆ ಕಿರಾಣಿ ಅಂಗಡಿಯ ನಂಬರ್ ಬರೆದು ಪಕ್ಕದಲ್ಲಿ ಪಿ.ಪಿ., ಅಂದರೆ ಕರೆದು ಕೊಡುವ ನಂಬರ್, ಅಂತ ಹಾಕುತ್ತಿದ್ದೆವು. ಫೋನು ಬಂದರೆ ಅಂಗಡಿಯವರು ಕೂಗಿ ಕರೆಯುತ್ತಿದ್ದರು, ನಾವು ಕೈ ಒರೆಸಿಕೊಂಡು ಓಡುತ್ತಿದ್ದೆವು. ಅದರಲ್ಲಿ ಯಾರಿಗೂ ಅವಮಾನ ಇರಲಿಲ್ಲ. ಮೇಲ್ ಐಡಿ ಕೇಳುವ ಕಾಲ ಬಂದಾಗ ಅದೇ ರೂಢಿಯಲ್ಲಿ ಸೆಂಟರ್ ಅಣ್ಣನ ಐಡಿ ಕೊಟ್ಟೆವು. ಮೇಲ್ ಬಂದರೆ ಅವನು ಪ್ರಿಂಟ್ ತೆಗೆದು, ಯಾರ ಹೆಸರಿದೆಯೋ ಅವರ ಮನೆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಒಂದು ಮೇಲ್ ಕೂಡ ಅವನ ಕೈಯಲ್ಲಿ ತಪ್ಪಿ ಹೋದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರೆಲ್ಲ ಅವನನ್ನೇ ಬೈದರು.

ಹೊಸೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನೊಳಗೆ ಹಾಕುವ ವೈರುಗಳ ಕಟ್ಟನ್ನು ತಯಾರಿಸುವ ಫ್ಯಾಕ್ಟರಿ ಒಂದಿತ್ತು. ಉದ್ದದ ಹಲಗೆಯ ಮೇಲೆ ಮೊಳೆ ಹೊಡೆದು ದಾರಿ ಮಾಡಿರುತ್ತಾರೆ, ಆ ದಾರಿಯಲ್ಲಿ ಬಣ್ಣಬಣ್ಣದ ವೈರುಗಳನ್ನು ಹಾಯಿಸಿ, ಟೇಪು ಸುತ್ತಿ, ತುದಿಗೆ ಕ್ಲಿಪ್ಪು ಕೂರಿಸಬೇಕು. ನಮ್ಮ ಕಡೆಯಿಂದ ಏಳು ಜನ ಹೆಂಗಸರು ಅಲ್ಲಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಕಂಪನಿ ವ್ಯಾನು ಬೇರಿಕೆಯ ಬಸ್‌ಸ್ಟಾಪಿಗೆ ಬರುತ್ತಿತ್ತು, ಬಾಗಲೂರಿನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು ಹೊಸೂರಿಗೆ ಮುಟ್ಟಿಸುತ್ತಿತ್ತು. ನನಗೆ ಆ ಕೆಲಸ ಇಷ್ಟವಿತ್ತು. ಯಾರಾದರೂ ಹೆಂಗಸರ ಬಗ್ಗೆ ಬರೆಯುವಾಗ ಫ್ಯಾಕ್ಟರಿ ಕೆಲಸವನ್ನು ಗೋಳು ಅಂತಲೇ ಬರೆಯುತ್ತಾರೆ. ನನಗೆ ಅದು ಗೋಳಾಗಿರಲಿಲ್ಲ. ಕೈ ತಾನಾಗಿ ಓಡುತ್ತಿತ್ತು, ಬಾಯಿ ಪಕ್ಕದವಳ ಜೊತೆ ಮಾತಾಡುತ್ತಿತ್ತು, ಸೂಪರ್‌ವೈಸರ್ ತಮಿಳಿನಲ್ಲಿ ಗದರಿದರೆ ನಾವು ಅವನಿಗೆ ತಿಳಿಯದ ತೆಲುಗಿನಲ್ಲಿ ನಗುತ್ತಿದ್ದೆವು.

ಸೇರಿದ ದಿನ ಎಚ್ಆರ್ ಸಾರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ವಿವರವನ್ನು ತಮ್ಮ ಕಂಪ್ಯೂಟರಿನ ಅಡ್ರೆಸ್ ಬುಕ್ಕಿಗೆ ಹಾಕಿಕೊಂಡರು. ಅವರು ಕರ್ನಾಟಕದ ಕಡೆಯಿಂದ ಬಂದು ಹೊಸೂರಿನಲ್ಲಿ ಸಂಸಾರ ಹೂಡಿದ್ದವರು. ಕನ್ನಡದವರು ಅಂತ ನಮಗೆ ಸ್ವಲ್ಪ ಸಲಿಗೆ. ಹೆಸರು, ಫೋನ್ ನಂಬರ್, ಮೇಲ್ ಐಡಿ. ಏಳು ಜನವೂ ಒಂದೇ ಐಡಿ ಹೇಳಿದೆವು. ಮೂರನೆಯವಳ ಹೊತ್ತಿಗೆ ಸಾರ್ ತಲೆ ಎತ್ತಿ ನೋಡಿದರು.

"ಇದೇನಮ್ಮ, ಎಲ್ಲರದೂ ಒಂದೇ?"

"ಸೆಂಟರ್ ಅಣ್ಣಂದು ಸಾರ್. ಬಂದ್ರೆ ಕರೆದು ಕೊಡ್ತಾರೆ," ಅಂದೆ.

"ಸರಿ, ತಲುಪಿದರೆ ಆಯ್ತು," ಅಂತ ಬರೆದುಕೊಂಡರು. ಆ ದಿನ ಅವರ ಕಂಪ್ಯೂಟರಿನಲ್ಲಿ ನಾವು ಏಳು ಜನ ಏಳು ಕಡೆ ಇದ್ದೆವು, ತಂತಮ್ಮ ಹೆಸರಿನಲ್ಲಿ.

ನಾವು ಕಂಪನಿಯ ಲೆಕ್ಕದವರಾಗಿರಲಿಲ್ಲ, ಕಾಂಟ್ರಾಕ್ಟರ್ ಲೆಕ್ಕದವರು. ಹಾಗಾಗಿ ಕಾರು ಕಂಪನಿಗಳು ಆರ್ಡರ್ ಕಡಿಮೆ ಮಾಡಿದ ವರ್ಷ ಮೊದಲು ಮನೆಗೆ ಹೋದವರೂ ನಾವೇ. ಕಾಂಟ್ರಾಕ್ಟರ್ ಆಫೀಸು ಮುಚ್ಚಿಕೊಂಡು ಎತ್ತಲೋ ಹೋದ. ನಮ್ಮ ಕಾಗದಪತ್ರಗಳೂ ಅವನ ಜೊತೆಗೇ ಹೋದವು. ಕೊನೆಯ ದಿನ ಎಚ್ಆರ್ ಸಾರ್ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದರು: ಆರ್ಡರ್ ಮತ್ತೆ ಬಂದರೆ ಹಳಬರನ್ನೇ ಕರೆಯುತ್ತೇವೆ, ಈ ಸಲ ನೇರವಾಗಿ ಕಂಪನಿಯೇ ಕರೆಯುತ್ತದೆ, ಎಲ್ಲರನ್ನೂ ಅಲ್ಲ, ಬೇಕಾದಷ್ಟು ಜನರನ್ನು. ಮೇಲ್ ಬರುತ್ತೆ. ಮೇಲ್ ಬಂದವರು ಅದರಲ್ಲಿ ಹೇಳಿದ ದಿನ ಬಂದು ಸೇರಬೇಕು, ಬರದಿದ್ದರೆ ಆ ಜಾಗ ಬೇರೆಯವರಿಗೆ. ಫೋನ್ ಮಾಡಿ ಕರೆಯುವುದಿಲ್ಲ, ದಾಖಲೆ ಇರಬೇಕು. ಹೀಗೆ ಹೇಳಿ ಎಲ್ಲರಿಗೂ ಕೈ ಮುಗಿದರು. ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ ಅನ್ನುವುದೇ ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ಮನೆಗೆ ಬಂದ ವಾರದಲ್ಲೇ ನನ್ನ ಮದುವೆಯ ಮಾತು ಎದ್ದಿತು. ಹುಡುಗನನ್ನು ಹುಡುಕುವ ಕೆಲಸವಿರಲಿಲ್ಲ. ನಾನು ಹುಟ್ಟಿದಾಗಲೇ ಹುಡುಗ ಗೊತ್ತಾಗಿದ್ದ. ಅಮ್ಮನ ಕಿರಿಯ ತಮ್ಮ, ನನ್ನ ಸೋದರಮಾವ. ಕೃಷ್ಣಗಿರಿಯ ಮಾವಿನಕಾಯಿ ಮಂಡಿಯಲ್ಲಿ ತೂಕ ಹಾಕುವ ಕೆಲಸ. ನಾನು ಕೈಕೂಸಾಗಿದ್ದಾಗ ನನ್ನನ್ನು ಎತ್ತಿಕೊಂಡು ಆಡಿಸಿದವನು, ತೊಟ್ಟಿಲು ತೂಗಿದವನು. ಕುಡುಕನಲ್ಲ, ಜಗಳಗಂಟನಲ್ಲ. ಕೆಟ್ಟವನಾಗಿದ್ದರೆ ಒಲ್ಲೆ ಅನ್ನಲು ಒಂದು ಕಾರಣವಾದರೂ ಸಿಗುತ್ತಿತ್ತು. ನನಗೆ ಅವನನ್ನು ನೋಡಿದರೆ ಮಾವ ಅನ್ನಿಸುತ್ತಿತ್ತೇ ಹೊರತು ಬೇರೇನೂ ಅನ್ನಿಸುತ್ತಿರಲಿಲ್ಲ. ಇದನ್ನು ಅಮ್ಮನಿಗೆ ಹೇಳಿದರೆ, "ಮದ್ವೆ ಆದ್ಮೇಲೆ ಅನ್ನಿಸ್ತದೆ ಬಿಡು," ಅಂದಳು. ಅವಳಿಗೂ ಹಾಗೇ ಯಾರೋ ಹೇಳಿದ್ದಿರಬೇಕು.

ನಾನು ಅಪ್ಪನ ಹತ್ತಿರ ಹೋದೆ. ಅಪ್ಪ ಜಗಲಿಯ ಮೇಲೆ ಕೂತು ಟೊಮೆಟೊ ಬುಟ್ಟಿಯಿಂದ ಕೊಳೆತದ್ದನ್ನು ಬೇರೆ ಮಾಡುತ್ತಿದ್ದ.

"ಕಂಪ್ನಿಯೋರು ಮತ್ತೆ ಕರೀತಾರಪ್ಪ. ಈ ಸಲ ಕಂಪ್ನಿ ಲೆಕ್ಕಕ್ಕೇ ತಗೋತಾರಂತೆ."

"ಯಾವಾಗ ಕರೀತಾರೆ?"

"ಗೊತ್ತಿಲ್ಲ. ಮೇಲ್ ಬತ್ತದೆ."

ಅಪ್ಪ ಒಂದು ಕೊಳೆತ ಹಣ್ಣನ್ನು ಅಂಗಳಕ್ಕೆ ಎಸೆದ. "ಯುಗಾದಿಗಂಟ ನೋಡಾನ. ಅಷ್ಟ್ರೊಳಗೆ ಕರೆದ್ರೆ ಹೋಗು, ಮದ್ವೆ ಮಾತು ಎತ್ತಲ್ಲ. ನಿಮ್ಮಮ್ಮಂಗೆ ನಾನು ಹೇಳ್ಕೋತೀನಿ. ಕರೀದಿದ್ರೆ ನೀನು ಬಾಯಿ ಎತ್ತಬಾರ್ದು. ಆಯ್ತಾ?"

ಆಯ್ತು ಅಂದೆ. ಆಗಿನ್ನೂ ಸಂಕ್ರಾಂತಿ ಮುಗಿದಿತ್ತಷ್ಟೆ, ಯುಗಾದಿ ದೂರವಿತ್ತು. ನನ್ನ ಕೈಯ ಓಟ ಸಾರ್ ಕಣ್ಣಿಗೆ ಬಿದ್ದಿದೆ, ನನ್ನನ್ನು ಕರೆಯದೆ ಇರಲಾರರು ಅನ್ನುವ ಧೈರ್ಯವಿತ್ತು. ಆ ಧೈರ್ಯ ಸುಳ್ಳೂ ಆಗಿರಲಿಲ್ಲ.

ಅಲ್ಲಿಂದ ನನ್ನ ದಿನ ಸೆಂಟರಿನಲ್ಲಿ ಶುರುವಾಗುತ್ತಿತ್ತು. ಬೀಗ ತೆಗೆಯುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದೆ. ಸೆಂಟರ್ ಅಣ್ಣ ಊದುಬತ್ತಿ ಹಚ್ಚಿ, ಕಂಪ್ಯೂಟರಿಗೂ ಒಂದು ಸುತ್ತು ತಿರುಗಿಸಿ, ಆಮೇಲೆ ಮೇಲ್ ತೆಗೆಯುತ್ತಿದ್ದ. ಲೋನ್ ಕೊಡುತ್ತೇವೆ, ಲಾಟರಿ ಬಂದಿದೆ, ಯಾರದೋ ಹಾಲ್‌ಟಿಕೆಟ್ ಬಂದಿದೆ. ನನ್ನದಿಲ್ಲ. ಅವನು ಬಾಯಿಬಿಟ್ಟು ಇಲ್ಲ ಅನ್ನುತ್ತಿರಲಿಲ್ಲ, ಕುರ್ಚಿ ಸ್ವಲ್ಪ ಓರೆ ಮಾಡಿ ಪರದೆಯನ್ನು ನನಗೇ ತೋರಿಸುತ್ತಿದ್ದ. ಅಷ್ಟು ಸೂಕ್ಷ್ಮ ಅವನಿಗಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಲ್ ಬಂತು. ಕಂಪನಿಯದೇ. ಮೇಷ್ಟ್ರ ಮಗಳ ಹೆಸರಿಗೆ.

ಅವಳು ನಮ್ಮ ಏಳು ಜನರಲ್ಲಿ ಒಬ್ಬಳು, ನನ್ನ ಪಕ್ಕದ ಹಲಗೆಯಲ್ಲೇ ಕೆಲಸ ಮಾಡುತ್ತಿದ್ದವಳು. ತಂದೆ ಮೇಷ್ಟ್ರಾಗಿದ್ದವರು, ತೀರಿಹೋಗಿ ಬಹಳ ಕಾಲವಾಗಿತ್ತು. ಆದರೂ ಊರಿಗೆ ಅವಳು ಮೇಷ್ಟ್ರ ಮಗಳೇ. ನಾನೇ ಪ್ರಿಂಟ್ ತೆಗೆದುಕೊಂಡು ಅವಳ ಮನೆಗೆ ಹೋದೆ. ಸೋಮವಾರ ಬಂದು ಸೇರಿಕೊಳ್ಳಿ ಅಂತಿತ್ತು. ಅವಳು ಓದಿ, ಮೊದಲು ನನ್ನ ಮುಖ ನೋಡಿದಳು.

"ನಿಂದು?"

"ಬತ್ತದೆ. ನಿನ್ನ ಹೆಸ್ರು ಎ ಇಂದ ಶುರು, ನಂದು ವಿ. ಲಿಸ್ಟಲ್ಲಿ ನಾನು ಕೊನೇಗೆ ತಾನೆ," ಅಂದೆ.

ಇದು ಸಮಾಧಾನದ ಮಾತಾಗಿರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದೆ. ಶಾಲೆಯಲ್ಲಿ ಹಾಜರಿ ಕೂಗುವಾಗ, ಅಂಕಪಟ್ಟಿ ಕೊಡುವಾಗ, ಎಲ್ಲದರಲ್ಲೂ ನಾನು ಕೊನೆ. ಕಾಯುವುದು ನನಗೆ ಹೊಸದಲ್ಲ. ಉಳಿದ ಐದು ಜನರಿಗೂ ಇದನ್ನೇ ಹೇಳಿದೆ. ಒಬ್ಬಳಿಗೆ ಬಂದಿದೆ ಅಂದರೆ ಕರೆಯುವುದು ಶುರುವಾಗಿದೆ ಅಂತ ಅರ್ಥ, ನಮ್ಮ ಸರದಿಯೂ ಬರುತ್ತೆ. ಅವರೂ ಒಪ್ಪಿದರು. ಸುಮ್ಮನೆ ಯಾರನ್ನೂ ಕರೆಯದೇ ಇದ್ದಿದ್ದರೆ ನಾನು ಒಂದು ವಾರಕ್ಕೇ ಹೊಸೂರಿಗೆ ಹೋಗಿ ವಿಚಾರಿಸುತ್ತಿದ್ದೆ; ಅವಳಿಗೆ ಬಂದ ಆ ಒಂದು ಮೇಲ್ ನಮ್ಮನ್ನೆಲ್ಲ ಮನೆಯಲ್ಲಿ ಕಟ್ಟಿಹಾಕಿತು.

ಸೋಮವಾರ ಮೇಷ್ಟ್ರ ಮಗಳು ವ್ಯಾನು ಹತ್ತಿದಳು. ಸಂಜೆ ಬಂದು, ಹಲಗೆಗಳೆಲ್ಲ ಹಾಗೇ ಇವೆ, ಬಾಗಲೂರಿನವರೂ ಒಂದಿಷ್ಟು ಜನ ಬಂದಿದ್ದಾರೆ ಅಂದಳು. ನಮ್ಮ ಬಗ್ಗೆ ಸೂಪರ್‌ವೈಸರನ್ನು ಕೇಳಿದಳಂತೆ. ಅದು ಎಚ್ಆರ್ ನೋಡಿಕೊಳ್ಳೋದು, ನೀನು ನಿನ್ನ ಕೆಲಸ ನೋಡು ಅಂದನಂತೆ. ಸಾರ್ ಮದ್ರಾಸಿನ ಆಫೀಸಿಗೆ ಹೋಗಿದ್ದಾರೆ ಅಂತಲೂ ಹೇಳಿದನಂತೆ.

ಯುಗಾದಿಗೆ ಇನ್ನು ಸ್ವಲ್ಪವೇ ದಿನ ಉಳಿದಾಗ ನಾನು ತಡೆಯಲಾರದೆ ಹೊಸೂರಿಗೆ ಹೋದೆ. ಗೇಟಿನ ಸೆಕ್ಯುರಿಟಿಯವರು ನನ್ನನ್ನು ಗುರುತು ಹಿಡಿದು, "ಎನ್ನಮ್ಮಾ, ಇವ್ವಳವು ನಾಳಾ ಕಾಣೋಮ್," ಅಂದರು, ಇಷ್ಟು ದಿನ ಕಾಣಲೇ ಇಲ್ಲವಲ್ಲ ಅಂತ. ಒಳಗೆ ಫೋನ್ ಮಾಡಿದರು. ಎಚ್ಆರ್ ಸಾರ್ ತಾವೇ ಗೇಟಿನ ಕೋಣೆಗೆ ಬಂದರು. ಬಂದವರೇ ನನ್ನ ಮೇಲೇ ರೇಗಿದರು.

"ನಿಮ್ಮೂರಿನವರಿಗೆ ಏನಾಗಿದೆಯಮ್ಮ? ಕೆಲಸ ಕರೆದು ಕೊಟ್ಟರೆ ಒಬ್ಬಳು ಬಿಟ್ಟು ಯಾರೂ ಬರಲಿಲ್ಲ."

"ನಮ್ಮನ್ನ ಕರೆದೇ ಇಲ್ವಲ್ಲ ಸಾರ್."

"ಕರೆದಿಲ್ಲ ಅಂದ್ರೆ? ನಾನೇ ಮದ್ರಾಸಿಂದ ಕಳಿಸಿದ್ದೀನಿ. ಈ ಫೋನಿಂದಲೇ."

ಅವರ ಕೈಯಲ್ಲಿ ಹೊಸ ಫೋನಿತ್ತು. ಸಣ್ಣ ಸಣ್ಣ ಗುಂಡಿಗಳಲ್ಲಿ ಎಬಿಸಿಡಿ ಪೂರ್ತಿ ಇರುವಂಥದ್ದು, ಮೇಲ್ ನೇರವಾಗಿ ಅದಕ್ಕೇ ಬರುವಂಥದ್ದು. ಕಂಪನಿಯವರು ಕೊಟ್ಟಿದ್ದಂತೆ. ಅದನ್ನು ತೆಗೆದು ಕಳಿಸಿದ ಮೇಲುಗಳ ಸಾಲನ್ನು ಮೇಲಿಂದ ಕೆಳಕ್ಕೆ ಓಡಿಸಿದರು. ಇನ್ನೊಂದು ಸಲ ಓಡಿಸಿದರು. ಆಮೇಲೆ ಮುಖ ಸ್ವಲ್ಪ ಇಳಿಯಿತು. ಅಡ್ರೆಸ್ ಬುಕ್ ತೆಗೆದು ನನ್ನ ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿದರು. ಖಾಲಿ. ನಮ್ಮಲ್ಲಿ ಇನ್ನೊಬ್ಬಳ ಹೆಸರು ಒತ್ತಿದರು. ಅದೂ ಖಾಲಿ. ಸೆಂಟರಿನ ಮೇಲ್ ಐಡಿ ಒತ್ತಿದರು. ಮೇಷ್ಟ್ರ ಮಗಳ ಹೆಸರು ಬಂತು.

ಅವಳ ಹೆಸರನ್ನು ತೆರೆದು ನನಗೂ ತೋರಿಸಿದರು. ಮೇಲೆ ಅವಳ ಹೆಸರು. ಕೆಳಗೆ ಒಂದು ಮೇಲ್ ಐಡಿ. ಅದರ ಕೆಳಗೆ ಒಂದರ ಹಿಂದೆ ಒಂದು ಫೋನ್ ನಂಬರುಗಳು. ಅದರಲ್ಲೊಂದು ನನ್ನ ಒಡಹುಟ್ಟಿದ ಅಣ್ಣನ ನಂಬರು, ಸೇರಿದ ದಿನ ನಾನು ಕೊಟ್ಟದ್ದು. ನನ್ನ ಮನೆಯ ನಂಬರು ಬೇರೊಬ್ಬಳ ಹೆಸರಿನ ಕೆಳಗೆ ಕೂತಿರುವುದನ್ನು ನೋಡಿದಾಗ ನನಗೆ ಮೊದಲು ಬಂದದ್ದು ನಗು. ಅರ್ಥವಾಗಿದ್ದು ಆಮೇಲೆ.

ಸಾರ್ ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಹೊಸ ಫೋನಿಗೆ ಹಳೆಯ ಸಿಮ್ಮಿನಲ್ಲಿದ್ದ ಹೆಸರುಗಳೂ ಬಂದವು, ಆಫೀಸ್ ಕಂಪ್ಯೂಟರಿನ ಅಡ್ರೆಸ್ ಬುಕ್ಕಿನಲ್ಲಿದ್ದವೂ ಬಂದವು. ಗಡಿಯ ಊರಾದ್ದರಿಂದ ಸಿಮ್ಮೂ ಒಂದಲ್ಲ ಎರಡು. ರೋಮಿಂಗ್ ದುಡ್ಡು ಕೊಡಲಾರದೆ ಎಲ್ಲರೂ ಈ ಕಡೆಗೊಂದು, ಅತ್ತಿಬೆಲೆಯ ಗಡಿ ದಾಟಿದರೆ ಇನ್ನೊಂದು ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಒಬ್ಬೊಬ್ಬರೂ ಎರಡು ಸಲ, ಮೂರು ಸಲ. ಅವರ ಹೆಂಡತಿಯೇ ಮೂರು ಕಡೆ ಇದ್ದರಂತೆ. ಒಂದು ಹೆಸರು ಹುಡುಕಬೇಕಾದರೆ ಅದೇ ಹೆಸರು ಸಾಲುಸಾಲಾಗಿ ಬಂದು ತಲೆ ಕೆಡುತ್ತಿತ್ತಂತೆ. ಮದ್ರಾಸಿಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೆಲ್ಲ ಸರಿಮಾಡೋಣ ಅಂತ ಹೊರಟರು. ಒಂದೇ ಆಗಿರುವವನ್ನು ಹುಡುಕಿ ಸೇರಿಸು ಅನ್ನುವ ಒಂದು ದಾರಿ ಅದರಲ್ಲೇ ಇತ್ತು. ಫೋನು ಹುಡುಕಿ, ಇವು ಒಂದೇ ಇರಬಹುದು, ಸೇರಿಸಲೇ ಅಂತ ಒಂದೊಂದಾಗಿ ಕೇಳಿತು. ಮೊದಲಷ್ಟನ್ನು ಓದಿ ಓದಿ ಒತ್ತಿದರು: ಹೆಂಡತಿ, ತಮ್ಮ, ಜನರಲ್ ಮ್ಯಾನೇಜರು, ಗ್ಯಾಸಿನವನು. ಎಲ್ಲವೂ ಸರಿಯಾಗೇ ಇತ್ತು. ಕೃಷ್ಣಗಿರಿ ದಾಟುವಷ್ಟರಲ್ಲಿ ಸಾಕಾಗಿ, ಎಲ್ಲವನ್ನೂ ಸೇರಿಸು ಅನ್ನುವುದನ್ನು ಒತ್ತಿದರು.

"ಒಂದೇ ಹೆಸರಿದ್ದರೆ ಮಾತ್ರ ಸೇರಿಸುತ್ತೆ ಅಂದ್ಕೊಂಡಿದ್ದೆ. ಮೇಲ್ ಐಡಿ ಒಂದೇ ಇದ್ದರೂ ಒಂದೇ ಆಸಾಮಿ ಅಂತ ತಿಳ್ಕೊಳ್ಳುತ್ತೆ, ಫೋನ್ ನಂಬರ್ ಒಂದೇ ಇದ್ದರೂ ಅಷ್ಟೇ. ಒಂದು ಐಡಿ ಒಬ್ಬರದೇ ಇರುತ್ತೆ ಅಂತ ಅದರ ಲೆಕ್ಕ. ನಿಮ್ಮೂರಿನ ಲೆಕ್ಕ ಅದಕ್ಕೇನು ಗೊತ್ತು," ಅಂದರು.

ಏಳು ಜನರನ್ನು ಸೇರಿಸಿದಾಗ ಹೆಸರಿಗೆ ಇರುವುದು ಒಂದೇ ಜಾಗ; ಸಾಲಿನಲ್ಲಿ ಮೊದಲಿದ್ದವಳ ಹೆಸರು ಉಳಿಯಿತು, ಉಳಿದ ಆರು ಹೆಸರು ಹೋದವು. ನಂಬರುಗಳಿಗೆ ಜಾಗವಿದ್ದದ್ದರಿಂದ ನಂಬರುಗಳು ಉಳಿದವು. ಮದ್ರಾಸಿನಲ್ಲಿ ಆರ್ಡರ್ ಬಂದ ಸುದ್ದಿ ತಿಳಿದ ದಿನ ಸಾರ್ ಅಲ್ಲಿಂದಲೇ, ಅಡ್ರೆಸ್ ಬುಕ್ಕಿನಲ್ಲಿ ಮೇಲಿಂದ ಕೆಳಗೆ ಬರುತ್ತಾ, ಚೆನ್ನಾಗಿ ಕೆಲಸ ಮಾಡಿದವರಿಗೆಲ್ಲ ಒಂದೊಂದು ಮೇಲ್ ಕಳಿಸಿದರು. ವಿ ಅಕ್ಷರಕ್ಕೂ ಬಂದಿದ್ದರಂತೆ. ಅಲ್ಲಿ ನಾನಿರಲಿಲ್ಲ. ಕಣ್ಣಿಗೆ ಕಾಣದವರ ನೆನಪು ಯಾರಿಗೆ ಬರುತ್ತೆ? ಆ ಪಟ್ಟಿಯಲ್ಲಿ ಬೇರೆ ಬೇರೆ ಊರಿನ ಎಷ್ಟೋ ಜನರ ಹೆಸರಿತ್ತು, ಎಲ್ಲರಿಗೂ ಕಳಿಸಿದೆ ಅಂದುಕೊಂಡರು.

"ಬಿಡಿಸಕ್ಕಾಗಲ್ವಾ ಸಾರ್?"

"ಸೇರಿಸಕ್ಕೆ ದಾರಿ ಇದೆ, ಬಿಡಿಸಕ್ಕೆ ಇಲ್ಲಮ್ಮ."

"ಕಂಪ್ಯೂಟರಲ್ಲಿ ಹಳೇದು ಇರ್ಬೇಕಲ್ಲ?"

ಅವರು ತಲೆ ಆಡಿಸಿದರು. ಮದ್ರಾಸಿನಿಂದ ಬಂದ ದಿನ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದರು. ಎರಡೂ ಕಡೆ ಒಂದೇ ಥರ ಇರಬೇಕು ಅನ್ನುವುದು ಅದರ ಕಟ್ಟಳೆ. ಫೋನಿನಲ್ಲಿ ಇಲ್ಲದ್ದನ್ನು ಕಂಪ್ಯೂಟರೂ ಅಳಿಸಿಕೊಂಡಿತ್ತು.

"ಈಗ ಜಾಗ?"

"ತುಂಬಿಹೋಯ್ತಮ್ಮ. ನೀವು ಬರಲಿಲ್ಲ ಅಂತ ಧರ್ಮಪುರಿ ಕಡೆಯವರನ್ನ ತಗೊಂಡ್ವಿ. ಅವರನ್ನ ಈಗ ಹೋಗಿ ಅನ್ನೋಕಾಗುತ್ತಾ?"

ಆಗುವುದಿಲ್ಲ. ಅದು ನನಗೂ ಗೊತ್ತಿತ್ತು. ಆ ಧರ್ಮಪುರಿಯ ಹೆಂಗಸರ ಮನೆಯಲ್ಲೂ ಏನೇನು ಕಾಯುತ್ತಿತ್ತೋ. ನಾನು ಆ ಕೋಣೆಯಲ್ಲಿ ಅಳಲಿಲ್ಲ. ಆದರೆ ಯಾರ ಮೇಲೆ ಸಿಟ್ಟಾಗಬೇಕು ಅಂತ ಹುಡುಕಿ ಹುಡುಕಿ ಸಾಕಾಯಿತು. ಆ ಮನುಷ್ಯ ಹೆಂಡತಿಯ ಮೂರು ಹೆಸರನ್ನು ಒಂದು ಮಾಡಲು ಹೋಗಿದ್ದರು, ಅಷ್ಟೆ. ಆ ಬಸ್ಸಿನಲ್ಲಿ ಅವರ ಹೆಬ್ಬೆರಳು ಒಂದು ಗುಂಡಿ ಒತ್ತಿದಾಗ ನಾನು ಬೇರಿಕೆಯಲ್ಲಿ ಬಟ್ಟೆ ಒಗೆಯುತ್ತಿದ್ದೆನೋ ಅಕ್ಕಿ ಆರಿಸುತ್ತಿದ್ದೆನೋ, ನನಗೇ ಗೊತ್ತಿಲ್ಲ. ಏನೂ ಆದಹಾಗೆ ಅನ್ನಿಸಲಿಲ್ಲ.

ಸಾರ್ ಕೊನೆಗೆ ಹೇಳಿದರು, "ನಿಂದೇ ಅಂತ ಒಂದು ಮೇಲ್ ಐಡಿ ಮಾಡ್ಕೋ. ಅದರಿಂದ ನನಗೊಂದು ಮೇಲ್ ಹಾಕು, ಕೆಳಗೆ ಫೋನ್ ನಂಬರ್ ಬರಿ. ಸೇವ್ ಮಾಡ್ಕೋತೀನಿ. ಒಂದು ಜಾಗ ಖಾಲಿ ಆದರೂ ಮೊದಲು ನಿನ್ನನ್ನೇ ಕರೀತೀನಿ."

ಊರಿಗೆ ಬಂದು ಸೆಂಟರಿಗೆ ಹೋಗಿ ಎಲ್ಲ ಹೇಳಿದೆ. ಸೆಂಟರ್ ಅಣ್ಣ ಹೊರಗೆ ಹೋಗಿ ಬೋರ್ಡಿನ ಮೇಲಿದ್ದ ತನ್ನ ಐಡಿಯನ್ನು ಸ್ವಲ್ಪ ಹೊತ್ತು ನೋಡಿ ಬಂದ. "ಉಪಕಾರ ಆಗ್ಲಿ ಅಂತ ಹಾಕ್ಸಿದ್ದು ಕಣಮ್ಮ," ಅಂದ. ನನಗೆ ಒಂದು ಐಡಿ ಮಾಡಿಕೊಟ್ಟ, ಪಾಸ್‌ವರ್ಡನ್ನು ನನ್ನ ಕೈಯಲ್ಲೇ ಒತ್ತಿಸಿ ತಾನು ಬೇರೆ ಕಡೆ ತಿರುಗಿ ಕೂತ. ಸಾರ್‌ಗೆ ಮೇಲ್ ಹಾಕಿದೆ, ಕೆಳಗೆ ನಮ್ಮ ಮನೆಯ ಅಣ್ಣನ ಅದೇ ಹಳೆಯ ಫೋನ್ ನಂಬರ್ ಬರೆದೆ. ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ. ಮಾರನೆಯ ದಿನ ಉತ್ತರ ಬಂತು: ಸೇವ್ ಮಾಡಿಕೊಂಡಿದ್ದೇನೆ.

ಯುಗಾದಿಯ ಹಿಂದಿನ ದಿನ ಒಬ್ಬಟ್ಟಿನ ಬೇಳೆ ತರಲು ಹೊರಟ ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ನಾನು ಇಲ್ಲ ಅಂತ ತಲೆ ಆಡಿಸಿದೆ. "ಆಯ್ತು ಬಿಡು," ಅಂದು ಚಪ್ಪಲಿ ಮೆಟ್ಟಿಕೊಂಡ. ನಡೆದದ್ದನ್ನು ಹೇಳಿದ್ದೆ; ಅವನಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದರೂ ಮಾತು ಮಾತೇ. ಹಬ್ಬ ಕಳೆದು ಮಾವನ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಂಡು ಹೋದರು. ಮಾವ ಮಂಡಿಯಿಂದ ಒಂದು ಬುಟ್ಟಿ ಮಾವಿನಕಾಯಿ ತಂದಿದ್ದ, ಯಾವಾಗಲೂ ತರುವ ಹಾಗೆ. ನನಗೆ ಕೊಡುವಾಗ ಈ ಸಲ ಕಣ್ಣೆತ್ತಿ ನೋಡಲಿಲ್ಲ. ಅವನಿಗೂ ಇದು ಕಷ್ಟವೇ ಇರಬಹುದು ಅಂತ ಆಗ ಮೊದಲ ಸಲ ಅನ್ನಿಸಿತು. ಅದರಿಂದ ನನಗೇನೂ ಹಗುರಾಗಲಿಲ್ಲ.

ಆದರೂ ಸೆಂಟರಿಗೆ ಹೋಗುವುದನ್ನು ಬಿಡಲಿಲ್ಲ. ಮದುವೆಗೆ ಇನ್ನೂ ದಿನಗಳಿದ್ದವು. ಬಂದರೆ ಅಪ್ಪನ ಕಾಲು ಹಿಡಿಯುತ್ತೇನೆ, ಮಾವನಿಗೇ ಹೇಳುತ್ತೇನೆ, ಅವನೇ ಬೇಡ ಅಂದರೂ ಅನ್ನಬಹುದು ಅಂತ ಏನೇನೋ ಲೆಕ್ಕ ಹಾಕುತ್ತಿದ್ದೆ.

ಬಂತು.

ನನ್ನ ಐಡಿಗೇ ಬಂತು. ಸಾರ್ ಕಳಿಸಿದ್ದು. ತೆರೆಯುವ ಅವಸರದಲ್ಲಿ ಬೇರೇನೋ ಒತ್ತಿಹೋಯಿತು, ಸೆಂಟರ್ ಅಣ್ಣ ಎದ್ದು ಬಂದು ತೆರೆದುಕೊಟ್ಟ. ನಿಮ್ಮ ಕೆಲಸ ಮೆಚ್ಚಿಕೆಯಾಗಿದೆ, ನಿಮ್ಮನ್ನು ಕಾಯಂ ಮಾಡಲು ತೀರ್ಮಾನಿಸಿದ್ದೇವೆ, ಮೂಲ ಸರ್ಟಿಫಿಕೇಟುಗಳ ಜೊತೆ ಶುಕ್ರವಾರ ಬೆಳಿಗ್ಗೆ ಹಾಜರಾಗಿ, ತಪ್ಪಿದರೆ ಈ ಅವಕಾಶ ಮುಂದಿನವರಿಗೆ ಹೋಗುತ್ತದೆ. ಇಷ್ಟನ್ನು ಮೊದಲು ಓದಿದೆ. ಕೆಲಸಕ್ಕೇ ಸೇರದವಳನ್ನು ಕಾಯಂ ಮಾಡುವುದು ಹೇಗೆ ಅಂತ ಕೂಡ ಹೊಳೆಯಲಿಲ್ಲ. ಆಮೇಲೆ ಮೇಲೆ ನೋಡಿದೆ. ಪ್ರಿಯ ಅಂತ ಬರೆದು, ಮೇಷ್ಟ್ರ ಮಗಳ ಹೆಸರಿತ್ತು.

ಸೆಂಟರ್ ಅಣ್ಣನೇ ಬಿಡಿಸಿ ಹೇಳಿದ. "ನಿನ್ನ ನಂಬ್ರು ಆಗ್ಲೇ ಅವಳ ಹೆಸ್ರಿನ ಕೆಳಗೆ ಐತಲ್ಲ. ನಿನ್ನ ಹೊಸ ಐಡಿ ಆ ನಂಬ್ರು ಹಾಕಿ ಸೇವ್ ಮಾಡಕ್ಕೋದ್ರೆ, ಈ ನಂಬ್ರು ಐತೆ, ಸೇರಿಸ್ಲಾ ಅಂತ ಫೋನು ಮತ್ತೆ ಕೇಳ್ತದೆ. ಅವ್ರು ಹೂಂ ಅಂದವ್ರೆ. ಈಗ ಅವಳ ಹೆಸ್ರಿಗೆ ಎರಡು ಐಡಿ. ಕೊನೇಗೆ ಯಾವ ಐಡಿಗೆ ಬರೆದ್ರೋ, ಅದನ್ನೇ ಮೊದಲು ಎತ್ತಿಕೊಡ್ತದೆ. ಕೊನೇಗೆ ಬರೆದಿದ್ದು ನಿಂಗೆ."

ಆ ಮೇಲ್ ಸೆಂಟರಿನ ಐಡಿಗೆ ಬಂದಿರಲಿಲ್ಲ. ಬಾಯಿಮಾತಲ್ಲಿ ಏನನ್ನೂ ಹೇಳದೆ ಎಲ್ಲಕ್ಕೂ ದಾಖಲೆ ಇರಬೇಕು ಅನ್ನುವ ಕಂಪನಿ; ಮೇಷ್ಟ್ರ ಮಗಳಿಗೆ ಗೊತ್ತಾಗುವ ಬೇರೆ ದಾರಿಯೇ ಇರಲಿಲ್ಲ. ಸೆಂಟರ್ ಅಣ್ಣ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು, ಟೈಲರ್ ಅಂಗಡಿಗೆ ಏನೋ ಕೆಲಸವಿದೆ ಅಂತ ಎದ್ದು ಹೋದ.

ಶುಕ್ರವಾರ ತಪ್ಪಿದರೆ ಅವಕಾಶ ಮುಂದಿನವರಿಗೆ. ಒಂದು ಜಾಗ ಖಾಲಿ ಆದರೂ ಮೊದಲು ನಿನ್ನನ್ನೇ ಕರೀತೀನಿ ಅಂದಿದ್ದರು. ನಾನು ಏನೂ ಮಾಡಬೇಕಾಗಿರಲಿಲ್ಲ. ಕಾಗದವನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡು ಮನೆಗೆ ಹೋದರೆ ಸಾಕಿತ್ತು. ಎಲ್ಲರೂ ಫೋನನ್ನೋ ಸೆಂಟರ್ ಅಣ್ಣನನ್ನೋ ಬೈಯುತ್ತಿದ್ದರು, ನನ್ನನ್ನಲ್ಲ. ಆ ಆಸೆ ನನಗೆ ಬಂತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಆ ಜಾಗಕ್ಕೂ ಅವರು ನನ್ನನ್ನು ಕರೆಯುವುದು ಅವಳ ಹೆಸರಿನಲ್ಲೇ ಅನ್ನುವುದು ಆ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಾಗಿತ್ತು. ಸಾರ್ ಅವರ ಅಡ್ರೆಸ್ ಬುಕ್ಕಿನಲ್ಲಿ ನಾನು ಅನ್ನುವವಳೇ ಇರಲಿಲ್ಲ. ಅವಳೊಬ್ಬಳೇ ಇದ್ದಳು.

ಮೇಷ್ಟ್ರ ಮಗಳು ಶಿಫ್ಟ್ ಮುಗಿಸಿ ಬಂದು ಹೊಸಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಬೆರಳುಗಳಿಗೆ ಟೇಪಿನ ಅಂಟು ಮೆತ್ತಿಕೊಂಡಿತ್ತು. ಆ ವಾಸನೆ ನನಗೆ ಬಾಗಿಲಿಗೇ ಬಂತು. ಕಾಗದ ಕೊಟ್ಟೆ. ಓದಿದಳು. ಅವಳ ಅಮ್ಮ ಒಳಗಿನಿಂದ ಏನಂತೆ ಅಂತ ಕೇಳಿದರು, ಅವಳು ಕಾಗದದಿಂದ ತಲೆ ಎತ್ತಿದಳು. ನನ್ನನ್ನು ನೋಡಿದಳು. ಹಿಂದಿನ ಸಲದ ಹಾಗೇ ಕೇಳಿದಳು.

"ನಿಂದು?"

"ಇದೇ ನಂದು," ಅಂದೆ. "ನನ್ನ ಐಡಿಗೆ ಬಂತು, ನಿನ್ನ ಹೆಸ್ರಲ್ಲಿ. ಶುಕ್ರವಾರ ಬೆಳಿಗ್ಗೆ. ಸರ್ಟಿಫಿಕೇಟ್ ಮರೀಬೇಡ."